ಮಣ್ಣೋ, ಮಣಿಯೋ, ಬಟ್ಟೆಯೋ: ಮನೆಯಲ್ಲಿ ಆಭರಣ ಮಾಡಿ ಮಾರಲು ಯಾವುದನ್ನು ಹಿಡಿಯಬೇಕು?

ಕಳೆದ ತಿಂಗಳು ಮೂವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಕುಮಟಾದವರು. ಮನೆ ಹಿಂದೆ ಹಿತ್ತಲಿದೆ, ಬಚ್ಚಲೊಲೆ ಇದೆ, ಮಕ್ಕಳು ಶಾಲೆಗೆ ಹೋದ ಮೇಲೆ ಮೂರು ಗಂಟೆ ಬಿಡುವಿದೆ. ಇನ್ನೊಬ್ಬಳು ಕಾರವಾರದಲ್ಲಿ ಓದುತ್ತಿರುವ ಹುಡುಗಿ, ಬಾಡಿಗೆ ರೂಮು, ಕೈಯಲ್ಲಿ ಎರಡು ಸಾವಿರ ರೂಪಾಯಿ. ಮೂರನೆಯವರು ಸಿದ್ದಾಪುರ ಕಡೆಯ ಹಳ್ಳಿಯವರು, ಊರಿನವರಿಗೆ ರವಿಕೆ ಹೊಲಿದುಕೊಡುತ್ತಾರೆ. ಮೂವರದ್ದೂ ಒಂದೇ ಮಾತು: "ಅಕ್ಕಾ, ಟೆರಾಕೋಟಾ ಮಾಡಲಾ, ಮಣಿಸರ ಮಾಡಲಾ, ಬಟ್ಟೆಯ ಓಲೆ ಮಾಡಲಾ? ಯಾವುದರಲ್ಲಿ ದುಡ್ಡು ಉಳಿಯುತ್ತದೆ?"

ನಾನು ಶಿರಸಿಯಲ್ಲಿ ಆರು ವರ್ಷದಿಂದ ಮಣ್ಣಿನ ಆಭರಣ ಮಾಡುತ್ತಿದ್ದೇನೆ. ನಡುವೆ ಎರಡು ವರ್ಷ ಮಣಿ, ಬಟ್ಟೆ ಎರಡನ್ನೂ ಮಾಡಿ ಮಾರಿದ್ದೇನೆ. ಹಾಗಾಗಿ ಮೂವರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಯಾವುದು ಚಂದ ಎನ್ನುವುದನ್ನು ಮೊದಲು ಬದಿಗಿಡಿ. ಮೂರೂ ಚಂದವೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ಮಾಡುವವರು ನೋಡಬೇಕಾದದ್ದು ನಾಲ್ಕು ವಿಷಯ. ಮಳೆಗಾಲದ ನಾಲ್ಕು ತಿಂಗಳು ಅದು ಏನಾಗುತ್ತದೆ? ಒಂದು ಜೊತೆಗೆ ನಿಮ್ಮ ಎಷ್ಟು ಹೊತ್ತು ಹೋಗುತ್ತದೆ? ಮಾರಿದ ಮೇಲೆ ಅದು ಹೇಗೆ ಹಾಳಾಗುತ್ತದೆ, ಹಾಳಾಗುವುದು ನಿಮಗೆ ಮೊದಲೇ ಗೊತ್ತಾಗುತ್ತದಾ? ಕೊನೆಯದು, ನೀವು ಎಲ್ಲಿ ಮಾರುತ್ತೀರಿ, ಗೆಳತಿಯರಿಗಾ, ಪ್ರದರ್ಶನದಲ್ಲಾ, ಫೋನಿನಲ್ಲಾ? ಇದರಲ್ಲಿ ಮೂರನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ, ಪೆಟ್ಟು ಬೀಳುವುದು ಮಾತ್ರ ಅಲ್ಲೇ.

ಮಣ್ಣು

ಟೆರಾಕೋಟಾದಲ್ಲಿ ಕಚ್ಚಾ ಸಾಮಾನಿಗೆ ಖರ್ಚು ಬಹಳ ಕಡಿಮೆ. ಒಂದು ಜೊತೆ ಜುಮಕಿಗೆ ಇಪ್ಪತ್ತು ಗ್ರಾಂ ಮಣ್ಣು ಸಾಕು. ಆದರೆ ಯಾವ ಮಣ್ಣು ಎನ್ನುವುದು ದೊಡ್ಡ ಪ್ರಶ್ನೆ, ಅದರಲ್ಲೂ ಕರಾವಳಿಯವರಿಗೆ.

ಮೊದಲ ವರ್ಷ ನಾನು ಕುಮಟಾ ಕಡೆಯ ಗಜನಿ ಗದ್ದೆಯ, ಅಂದರೆ ಉಪ್ಪುನೀರು ನುಗ್ಗುವ ಹಿನ್ನೀರಿನ ಗದ್ದೆಯ ಜೇಡಿಮಣ್ಣು ತರಿಸಿದ್ದೆ. ನುಣುಪಾಗಿತ್ತು, ಬೆರಳಿಗೆ ಬೆಣ್ಣೆಯ ಹಾಗೆ ಬರುತ್ತಿತ್ತು. ಸುಟ್ಟಾಗಲೂ ಚೆನ್ನಾಗಿಯೇ ಬಂತು. ಬಣ್ಣ ಹಚ್ಚಿ, ಮಾರಿ, ಮೂರು ವಾರ ಆದ ಮೇಲೆ ಒಬ್ಬೊಬ್ಬರೇ ಫೋನ್ ಮಾಡಲು ಶುರು ಮಾಡಿದರು. ಓಲೆಯ ಮೇಲಿಂದ ಸಾಸಿವೆಯಷ್ಟು ಚೂರು ತಾನಾಗಿಯೇ ಸಿಡಿದು ಬಿದ್ದಿದೆ, ಕೆಳಗೆ ಬಿಳಿ ಚುಕ್ಕಿ ಕಾಣುತ್ತದೆ ಎಂದು. ಕಾರಣ ಚಿಪ್ಪು. ಅಘನಾಶಿನಿ ಹಿನ್ನೀರಿನ ಮಣ್ಣಿನಲ್ಲಿ ಬೆಳಚಿನ ಚಿಪ್ಪಿನ ಪುಡಿ ಇರುತ್ತದೆ. ಚಿಪ್ಪು ಸುಟ್ಟರೆ ಸುಣ್ಣ ಆಗುತ್ತದೆ. ಎಲೆ ಅಡಿಕೆಗೆ ಹಚ್ಚುವ ಚಿಪ್ಪಿನ ಸುಣ್ಣ ಮಾಡುವುದೂ ಹೀಗೆಯೇ ಅಲ್ವಾ? ಆ ಸುಣ್ಣ ಓಲೆಯ ಒಳಗೆ ಕೂತು ನಿಧಾನವಾಗಿ ಗಾಳಿಯ ತೇವ ಕುಡಿಯುತ್ತದೆ, ಉಬ್ಬುತ್ತದೆ, ಮೇಲಿನ ಪದರವನ್ನು ಒಡೆದು ಹೊರಗೆ ಬರುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಸಾಲದ್ದಕ್ಕೆ ಅಲ್ಲಿಯ ಮಣ್ಣಿನಲ್ಲಿ ಉಪ್ಪೂ ಇರುತ್ತದೆ, ಅದು ಒಣಗುವಾಗ ಮೇಲೆ ಬಂದು ಬೂದಿ ಬಳಿದ ಹಾಗೆ ಬೆಳ್ಳಗೆ ಕೂರುತ್ತದೆ, ಅದರ ಮೇಲೆ ಹಚ್ಚಿದ ಬಣ್ಣ ಪದರ ಪದರವಾಗಿ ಏಳುತ್ತದೆ.

ಪರೀಕ್ಷೆ ಸುಲಭ. ಒಣ ಮಣ್ಣನ್ನು ಪುಡಿ ಮಾಡಿ ಅದರ ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆ, ನೊರೆ ಬಂದರೆ ಆ ಮಣ್ಣು ಬೇಡ. ಘಟ್ಟದ ಮೇಲಿನ ಕೆರೆ ಮಣ್ಣು ಅಥವಾ ಕುಂಬಾರರು ಮಡಿಕೆಗೆ ಬಳಸುವ ಮಣ್ಣು ಒಳ್ಳೆಯದು. ಅದನ್ನೂ ನೀರಿನಲ್ಲಿ ಕದಡಿ, ಹಳೆಯ ಹತ್ತಿ ಸೀರೆಯಲ್ಲಿ ಸೋಸಿ, ಮೇಲಿನ ನೀರು ಬಸಿದು, ಹದಕ್ಕೆ ಬಂದಾಗ ಚಪಾತಿ ಹಿಟ್ಟಿಗಿಂತ ಜಾಸ್ತಿ ಹೊತ್ತು ನಾದಬೇಕು. ಒಳಗೆ ಗಾಳಿ ಗುಳ್ಳೆ ಉಳಿಯಬಾರದು. ಇದೆಲ್ಲ ಆಗದಿದ್ದರೆ ಹದ ಮಾಡಿದ ಮಣ್ಣಿನ ಪ್ಯಾಕೆಟ್ಟೇ ಸಿಗುತ್ತದೆ, ಶುರುವಿನಲ್ಲಿ ಅದನ್ನೇ ತೆಗೆದುಕೊಳ್ಳಿ.

ಎರಡನೆಯ ತೊಡಕು ಒಣಗಿಸುವುದು. ಜುಮಕಿ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಬಿಸಿಲಿಗಿಟ್ಟರೆ ಅಂಚು ಮೊದಲು ಒಣಗಿ ಕುಗ್ಗುತ್ತದೆ, ನಡು ಹಸಿ ಇರುತ್ತದೆ, ಬಿರುಕು ಬಿಡುತ್ತದೆ. ಫೆಬ್ರವರಿಯಲ್ಲಿ ನಾಲ್ಕೈದು ದಿನಕ್ಕೆ ಒಣಗುವುದು ಜುಲೈಯಲ್ಲಿ ಎರಡು ವಾರ ಆದರೂ ಒಣಗುವುದಿಲ್ಲ. ಒಣಗಿದೆಯಾ ಎಂದು ಕಣ್ಣಿನಿಂದ ನೋಡಬೇಡಿ. ಕೆನ್ನೆಗೆ ಒತ್ತಿ ಹಿಡಿಯಿರಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ. ಆ ನೀರು ಬೆಂಕಿಯಲ್ಲಿ ಉಗಿಯಾಗಿ ಹೊರಬರಲು ದಾರಿ ಸಿಗದೆ ಓಲೆಯನ್ನೇ ಒಡೆಯುತ್ತದೆ. ಒಂದು ಒಡೆದರೆ ಅದರ ಚೂರು ಅಕ್ಕಪಕ್ಕದ ನಾಲ್ಕಕ್ಕೆ ಹೊಡೆಯುತ್ತದೆ. ಮಳೆಗಾಲದಲ್ಲಿ ನಾನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಮೊರದ ಮೇಲೆ ಹರಡಿ ಇಡುತ್ತೇನೆ, ಮೇಲೆ ಒಂದು ತೆಳು ಬಟ್ಟೆ.

ಮೂರನೆಯದು ಸುಡುವುದು. ಮನೆಯ ಓವನ್‌ನಲ್ಲಿ ಸುಟ್ಟರೆ ಆಗುವುದಿಲ್ಲವಾ ಎಂದು ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಅದು 250 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಮಣ್ಣು ಮತ್ತೆ ಮಣ್ಣಾಗದ ಹಾಗೆ ಗಟ್ಟಿಯಾಗಬೇಕಾದರೆ 600 ಡಿಗ್ರಿ ದಾಟಲೇಬೇಕು, ಚೆನ್ನಾಗಿ ಬರಬೇಕಾದರೆ 900ರ ಹತ್ತಿರ ಹೋಗಬೇಕು. ನಾನು ಮಾಡುವುದು ಹೀಗೆ. ಒಂದು ಹಳೆಯ ಮಣ್ಣಿನ ಮಡಿಕೆ, ತಳಕ್ಕೆ ಎರಡು ಬೆರಳು ಭತ್ತದ ಹೊಟ್ಟು, ಅದರ ಮೇಲೆ ಓಲೆಗಳು, ಮಡಿಕೆಯ ಗೋಡೆಗೆ ತಾಗದ ಹಾಗೆ. ಮತ್ತೆ ಹೊಟ್ಟು, ಮೇಲೆ ತೂತಿರುವ ಮುಚ್ಚಳ. ಮೊದಲ ಎರಡು ಗಂಟೆ ಬೆಂಕಿ ದೂರ, ಸುಮ್ನೆ ಬೆಚ್ಚಗಾಗುವಷ್ಟು. ಈ ಎರಡು ಗಂಟೆಯಲ್ಲಿ ಅವಸರ ಮಾಡಿದ ದಿನವೇ ನನ್ನ ಅರ್ಧ ಮಡಿಕೆ ಹೋದದ್ದು. ಆಮೇಲೆ ಸುತ್ತ ತೆಂಗಿನ ಕರಟ, ಒಣ ಸಿಪ್ಪೆ, ಕಟ್ಟಿಗೆ. ಕತ್ತಲಾದ ಮೇಲೆ ತೂತಿನಿಂದ ನೋಡಿದರೆ ಒಳಗೆ ಕೆಂಪು ಹೊಳಪು ಕಾಣಬೇಕು. ಒಂದು ಗಂಟೆ ಹಾಗೇ ಹಿಡಿದು, ಬೆಂಕಿ ತಾನಾಗಿ ಆರಲು ಬಿಟ್ಟು, ಬೆಳಿಗ್ಗೆಯೇ ಮಡಿಕೆ ತೆರೆಯುವುದು. ಹೊಟ್ಟು ಉಸಿರುಗಟ್ಟಿ ಉರಿದ ಕಡೆ ಓಲೆ ಕಪ್ಪಾಗಿ ಬರುತ್ತದೆ, ಗಾಳಿ ಆಡಿದ ಕಡೆ ಕೆಂಪು. ಎರಡೂ ಮಾರಾಟವಾಗುತ್ತವೆ, ಆದರೆ ಒಂದು ಜೊತೆಯ ಎರಡೂ ಓಲೆ ಒಂದೇ ಬಣ್ಣ ಬರಬೇಕೆಂದರೆ ಅವನ್ನು ಮಡಿಕೆಯಲ್ಲಿ ಪಕ್ಕಪಕ್ಕವೇ ಇಡಿ.

ಬೆಂದಿದೆಯಾ ಎಂದು ತಿಳಿಯಲು ಉಗುರಿನಿಂದ ತಟ್ಟಿ. ಬೆಂದದ್ದು ಟಣ್ ಎನ್ನುತ್ತದೆ, ಬೇಯದ್ದು ಟಪ್ ಎನ್ನುತ್ತದೆ. ಪ್ರತಿ ಮಡಿಕೆಯಿಂದ ಒಂದು ಒಡಕು ಚೂರನ್ನು ರಾತ್ರಿ ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ಬೆರಳಿಗೆ ಮಣ್ಣು ಅಂಟಿದರೆ ಆ ಮಡಿಕೆಯ ಯಾವುದನ್ನೂ ಮಾರಬೇಡಿ.

ಇಷ್ಟು ಓದಿ ಹೆದರಿದಿರಾ? ಒಂದು ಒಳ್ಳೆಯ ಸಂಗತಿಯೂ ಇದೆ. ಸುಟ್ಟ ಮಣ್ಣು ಕೆಡುವುದಿಲ್ಲ. ಡಿಸೆಂಬರ್‌ನಿಂದ ಮೇ ತನಕ ಮಾಡಿ, ಸುಟ್ಟು, ಬಣ್ಣ ಹಚ್ಚದೆ ಡಬ್ಬಿಯಲ್ಲಿ ತುಂಬಿಡಿ. ಜೂನ್ ಬಂದ ಮೇಲೆ ಬಣ್ಣ ಹಚ್ಚುವುದು, ಕೊಕ್ಕೆ ಹಾಕುವುದು ಅಷ್ಟೇ. ಹಚ್ಚುವ ಮೊದಲು ಒಮ್ಮೆ ಒಲೆಯ ಹತ್ತಿರ ಬೆಚ್ಚಗೆ ಮಾಡಿಕೊಳ್ಳಿ, ಮಳೆಯ ತೇವ ಒಳಗೆ ಉಳಿದರೆ ವಾರ್ನಿಷ್ ಬೆಳ್ಳಗಾಗುತ್ತದೆ. ನಾನು ಈಗ ಇದೇ ಲೆಕ್ಕದಲ್ಲಿ ನಡೆಯುತ್ತಿದ್ದೇನೆ, ಗಣೇಶ ಚೌತಿಯ ಆರ್ಡರಿಗೆ ಒಮ್ಮೆಯೂ ತೊಂದರೆ ಆಗಿಲ್ಲ.

ತೂಕದ ಬಗ್ಗೆ ಒಂದು ಮಾತು. ಒಂದೊಂದು ಓಲೆ ಹತ್ತು ಗ್ರಾಂ ಮೀರದಿರಲಿ. ಫೋಟೋದಲ್ಲಿ ದೊಡ್ಡ ಜುಮಕಿಗೆ ಮೆಚ್ಚುಗೆ ಸಿಗುತ್ತದೆ, ಆದರೆ ಮದುವೆ ಮನೆಯಲ್ಲಿ ಅದನ್ನು ಹಾಕಿಕೊಂಡವರು ಊಟದ ಹೊತ್ತಿಗೆ ಬಿಚ್ಚಿ ಪರ್ಸಿಗೆ ಹಾಕುತ್ತಾರೆ, ಮತ್ತೆ ಕೊಳ್ಳುವುದಿಲ್ಲ.

ಮಣಿ

ಮಣಿಗೆ ಬೆಂಕಿ ಬೇಡ, ಬಿಸಿಲು ಬೇಡ, ಮಳೆಯ ಭಯವಿಲ್ಲ. ಒಂದು ಚೂಪು ಮೂತಿಯ ಇಕ್ಕಳ, ಒಂದು ಕಟರ್, ಪ್ಲಾಸ್ಟಿಕ್ ಹೊದಿಕೆಯ ತೆಳು ಸ್ಟೀಲ್ ತಂತಿಯಾದ ಗೇರ್ ವೈರು, ಕೊಕ್ಕೆ, ಮಣಿ. ಮಂಚದ ಮೇಲೆ ಕೂತು ಮಾಡಬಹುದು. ನಾಳೆಗೆ ಬೇಕು ಎಂದರೆ ನಾಳೆಗೆ ಕೊಡಬಹುದು, ಇದು ಮಣ್ಣಿನಲ್ಲಿ ಸಾಧ್ಯವೇ ಇಲ್ಲ.

ತೊಡಕು ಬೇರೆ ಕಡೆ ಇದೆ. ಇಲ್ಲಿ ದುಡ್ಡು ಮೊದಲು ಕೈಬಿಡುತ್ತದೆ. ಮಣಿ ಬರುವುದು ಪ್ಯಾಕೆಟ್ಟಿನಲ್ಲಿ. ಒಂದು ಸರಕ್ಕೆ ಮೂರು ಬಣ್ಣ ಬೇಕೆಂದರೆ ಮೂರು ಪ್ಯಾಕೆಟ್ ಕೊಳ್ಳಬೇಕು. ಹತ್ತು ಸರ ಮಾರಿದ ಮೇಲೂ ಯಾರಿಗೂ ಬೇಡವಾದ ಬಣ್ಣ ಡಬ್ಬಿಯಲ್ಲಿ ಉಳಿಯುತ್ತದೆ. ಕೈಯಲ್ಲಿ ಎರಡು ಸಾವಿರ ಇದ್ದರೆ ನಾಲ್ಕೇ ಬಣ್ಣಕ್ಕೆ ನಿಲ್ಲಿ: ಕಪ್ಪು, ಕೆಂಪು, ಬಿಳಿ, ಮತ್ತೆ ಒಂದು ಹಿತ್ತಾಳೆ ಬಣ್ಣದ್ದು.

ಮಣಿಯಲ್ಲಿ ಮೋಸ ಆಗುವುದು ಬಣ್ಣದಲ್ಲಿ. ಗಾಜಿಗೇ ಬಣ್ಣ ಸೇರಿದ ಮಣಿ ಬೇರೆ, ಬಿಳಿ ಗಾಜಿನ ಮೇಲೆ ಬಣ್ಣ ಬಳಿದದ್ದು ಬೇರೆ. ಅಂಗಡಿಯಲ್ಲಿ ಎರಡೂ ಒಂದೇ ತರ ಹೊಳೆಯುತ್ತವೆ. ಬಳಿದದ್ದು ಬೆವರಿಗೆ ಒಂದು ತಿಂಗಳಲ್ಲಿ ಬಿಡುತ್ತದೆ, ಕೊಂಡವರ ಕುತ್ತಿಗೆಗೂ ರವಿಕೆಗೂ ಹತ್ತುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರಾವಣದಲ್ಲಿ ಹತ್ತಿ ಅದ್ದಿ ನಾಲ್ಕು ಮಣಿ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಬಂದರೆ ಪ್ಯಾಕೆಟ್ ವಾಪಸ್ ಕೊಡಿ. ಇನ್ನೊಂದು, ಅಗ್ಗದ ಗಾಜಿನ ಮಣಿಯ ತೂತಿನ ಅಂಚು ಚೂಪಾಗಿರುತ್ತದೆ. ಅದು ದಿನವೂ ದಾರವನ್ನು ಸವೆಸುತ್ತದೆ. ಸರ ಹರಿಯುವುದು ಯಾವಾಗಲೂ ಬಸ್ ಸ್ಟ್ಯಾಂಡಿನಲ್ಲೋ ದೇವಸ್ಥಾನದಲ್ಲೋ, ಮಣಿ ಎಲ್ಲ ಚೆಲ್ಲಾಪಿಲ್ಲಿ, ಮರುದಿನ ನಿಮಗೆ ಫೋನ್. ಹತ್ತಿ ದಾರ ಬೇಡ, ಬೆವರು ಕುಡಿದು ಕೊಳೆಯುತ್ತದೆ. ಗೇರ್ ವೈರ್ ಅಥವಾ ನೈಲಾನ್ ದಾರ ಬಳಸಿ. ಮುಗಿಸಿದ ಮೇಲೆ ಸರದ ಎರಡು ತುದಿ ಹಿಡಿದು ಒಮ್ಮೆ ಗಟ್ಟಿಯಾಗಿ ಎಳೆಯಿರಿ. ಹರಿಯುವುದಾದರೆ ನಿಮ್ಮ ಕೈಯಲ್ಲೇ ಹರಿಯಲಿ.

ಹೊತ್ತಿನ ಲೆಕ್ಕ ಮಣಿಯ ಗಾತ್ರದ ಮೇಲೆ ನಿಂತಿದೆ. ಎರಡು ಮಿಲಿಮೀಟರಿನ ಸಣ್ಣ ಮಣಿಯಾದರೆ ಒಂದು ಇಂಚಿಗೆ ಹದಿನೆಂಟರ ಹತ್ತಿರ ಹಿಡಿಯುತ್ತವೆ, ಹದಿನಾರು ಇಂಚಿನ ಒಂದೇ ಎಳೆಗೆ ಮುನ್ನೂರರ ಹತ್ತಿರ. ಐದು ಎಳೆಯ ಸರ ಮಾಡುತ್ತೇನೆಂದು ಹೊರಟರೆ ಒಂದು ಮಧ್ಯಾಹ್ನ ಪೂರ್ತಿ ಬೇಕು. ಅದಕ್ಕೆ ತಕ್ಕ ಬೆಲೆ ಹೇಳಿದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ, ಪಕ್ಕದ ಅಂಗಡಿಯಲ್ಲಿ ಕಾರ್ಖಾನೆಯದ್ದು ಕಾಲು ಬೆಲೆಗೆ ಇದೆಯಲ್ಲ. ದೊಡ್ಡ ಮಣಿ ನಡುನಡುವೆ ಸೇರಿಸಿ, ಅರ್ಧ ಗಂಟೆಯಲ್ಲಿ ಮುಗಿಯುವ ವಿನ್ಯಾಸ ಹಿಡಿಯಿರಿ.

ಮಣಿಸರ ಎಂದಾಗ ನಮ್ಮ ಕಡೆಯವರಿಗೆ ಹಾಲಕ್ಕಿ ಸಮುದಾಯದ ಹೆಂಗಸರ ಕೊರಳು ನೆನಪಾಗುತ್ತದೆ. 2021ರಲ್ಲಿ ಅಂಕೋಲಾ ತಾಲೂಕಿನ ತುಳಸಿ ಗೌಡ ಅವರು ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡಾಗ ಕೊರಳಲ್ಲಿ ಆ ಸರಗಳೇ ಇದ್ದವು. ಆಮೇಲೆ ಎಷ್ಟೋ ಜನ "ಹಾಲಕ್ಕಿ ಸರ ಮಾಡಿಕೊಡಿ" ಎಂದು ನನ್ನನ್ನು ಕೇಳಿದ್ದಾರೆ. ನಾನು ಆ ಹೆಸರಿನಲ್ಲಿ ಮಾರುವುದಿಲ್ಲ. ಅದು ಅವರ ಉಡುಗೆ, ಅವರ ಗುರುತು. ಬಹು ಎಳೆಯ ಮಣಿಸರ ಮಾಡಿ, ಆದರೆ ನಿಮ್ಮ ಹೆಸರಿನಲ್ಲೇ ಮಾಡಿ.

ಬಟ್ಟೆ

ಬಟ್ಟೆಯ ಓಲೆ, ಬಟ್ಟೆಯ ಪದಕ ಎಂದರೆ ಶಾಲೆಯ ಕ್ರಾಫ್ಟ್ ಎಂದು ತಿಳಿಯುವವರಿದ್ದಾರೆ. ಗುಳೇದಗುಡ್ಡದ ಖಣದ ಒಂದು ಚೂರು, ಇಳಕಲ್ ಸೀರೆಯ ಅಂಚಿನ ಒಂದು ಪಟ್ಟಿ ಕೈಗೆತ್ತಿಕೊಂಡು ನೋಡಿದರೆ ಹಾಗೆ ಹೇಳುವುದಿಲ್ಲ. ದೊಡ್ಡ ಓಲೆಯೂ ಮೂರು ನಾಲ್ಕು ಗ್ರಾಂ ಮಾತ್ರ. ಟೈಲರ್ ಹತ್ತಿರ ಉಳಿಕೆ ಚೂರು ಸಿಗುತ್ತದೆ. ಬೀಳಿಸಿದರೆ ಒಡೆಯುವುದಿಲ್ಲ, ಲಕೋಟೆಯಲ್ಲಿ ಹಾಕಿ ಕಳಿಸಬಹುದು.

ಇದರ ಶತ್ರು ಬೂಷ್ಟು. ಜುಲೈಯಲ್ಲಿ ಕಪಾಟಿನ ಚಪ್ಪಲಿಗೇ ಬೂಷ್ಟು ಬರುವ ಊರು ನಮ್ಮದು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬೂಷ್ಟಿಗೆ ಆ ಗಂಜಿಯೇ ಊಟ. ಹಾಗಾಗಿ ಚೂರನ್ನು ಮೊದಲು ತೊಳೆದು ಒಣಗಿಸಿ. ಆಗಲೇ ಬಣ್ಣ ಬಿಡುತ್ತದೆಯಾ ಎಂದೂ ಗೊತ್ತಾಗುತ್ತದೆ: ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ, ಕಡು ಕೆಂಪು ಮತ್ತು ಕಡು ನೀಲಿ ಜಾಸ್ತಿ ಬಿಡುತ್ತವೆ. ಒಳಗಿನ ಆಧಾರಕ್ಕೆ ರಟ್ಟು ಹಾಕಬೇಡಿ. ರಟ್ಟು ತೇವ ಹೀರಿ ಹಪ್ಪಳದ ಹಾಗೆ ಬಾಗುತ್ತದೆ. ಹಳೆಯ ಪ್ಲಾಸ್ಟಿಕ್ ಫೈಲಿನ ಹೊದಿಕೆ, ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಕತ್ತರಿಸಿ ಹಾಕಿದರೆ ಆಕಾರ ನಿಲ್ಲುತ್ತದೆ. ಸಾದಾ ಬಿಳಿ ಗೋಂದು ತೇವಕ್ಕೆ ಮೆತ್ತಗಾಗುತ್ತದೆ, ಅಂಚು ಏಳುತ್ತದೆ. ಗೋಂದು ಬರೀ ಜಾಗಕ್ಕೆ ಕೂರಿಸಲು, ಅಂಚನ್ನು ಸೂಜಿಯಿಂದಲೇ ಹೊಲಿದು ಮುಗಿಸಿ. ಹೊಲಿಗೆ ಬಲ್ಲವರಿಗೆ ಇದು ಐದು ನಿಮಿಷದ ಕೆಲಸ, ಬಾರದವರಿಗೆ ಇಪ್ಪತ್ತು. ಬಟ್ಟೆಯನ್ನು ಯಾರು ಹಿಡಿಯಬೇಕು ಎನ್ನುವುದು ಇಲ್ಲೇ ಅರ್ಧ ತೀರ್ಮಾನವಾಗುತ್ತದೆ.

ಕೊಂಡವರು ತೊಳೆಯುವ ಹಾಗಿಲ್ಲ. ಬೆವರು ಹಿಡಿದ ಮೇಲೆ ಹೊಸತರ ಹಾಗೆ ಆಗುವುದೂ ಇಲ್ಲ. ಮಾರುವಾಗಲೇ ಇದನ್ನು ಹೇಳಿ, ಬೆಲೆಯನ್ನೂ ಹಾಗೇ ಇಡಿ. ನಾನು 120 ರೂಪಾಯಿ ದಾಟಿಸಿಲ್ಲ.

ಮೂರಕ್ಕೂ ಒಂದೇ: ಕೊಕ್ಕೆ

ಕಾರವಾರದ ಒಬ್ಬ ಗೆಳತಿಗೆ ನಾನು ಕಳಿಸಿದ ಓಲೆಯ ಕೊಕ್ಕೆ ಹದಿನೈದು ದಿನಕ್ಕೆ ತುಕ್ಕು ಹಿಡಿಯಿತು. ಅದೇ ಕೊಕ್ಕೆ ಶಿರಸಿಯಲ್ಲಿ ನಾಲ್ಕು ತಿಂಗಳು ಬಂದಿತ್ತು. ಉಪ್ಪುಗಾಳಿಯ ಕೆಲಸ. ಹೋಲ್‌ಸೇಲ್‌ನಲ್ಲಿ ನೂರು ಜೊತೆ ಅಗ್ಗಕ್ಕೆ ಸಿಕ್ಕಿದ್ದವು, ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಈಗ ಮೊದಲು ಅಯಸ್ಕಾಂತ ಹಿಡಿದು ನೋಡುತ್ತೇನೆ. ಅಂಟಿಕೊಂಡರೆ ಕಬ್ಬಿಣ. ಅಂಟದಿದ್ದರೂ ಎರಡನ್ನು ಉಪ್ಪುನೀರಿನಲ್ಲಿ ರಾತ್ರಿಯಿಡೀ ಇಟ್ಟು ನೋಡುತ್ತೇನೆ. ಲೇಪದಲ್ಲಿ ನಿಕ್ಕಲ್ ಇದ್ದರೆ ಕೆಲವರ ಕಿವಿ ಕೆರೆದು ಕೆಂಪಾಗುತ್ತದೆ, ಅಂಥವರು ನಿಮ್ಮ ಮಣ್ಣನ್ನೋ ಬಟ್ಟೆಯನ್ನೋ ದೂರುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನ ಕೊಕ್ಕೆಯಾದರೆ ಒಂದು ಜೊತೆಗೆ ಐದಾರು ರೂಪಾಯಿ ಜಾಸ್ತಿ ಆಗಬಹುದು. ಆ ಐದು ರೂಪಾಯಿಯಲ್ಲಿ ಉಳಿತಾಯ ಮಾಡಬೇಡಿ.

ಹೊತ್ತು ಮತ್ತು ದುಡ್ಡು

ಕಳೆದ ಸೀಸನ್ನಿನ ನನ್ನ ಪುಸ್ತಕದ ಲೆಕ್ಕ ಹೇಳುತ್ತೇನೆ. ನಿಮ್ಮ ಬೆಲೆ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ನೋಡಿ.

ಒಂದು ಜೊತೆ ಮಣ್ಣಿನ ಜುಮಕಿಗೆ ಮಣ್ಣು, ಬಣ್ಣ, ಕೊಕ್ಕೆ, ಡಬ್ಬಿ ಸೇರಿ 26 ರೂಪಾಯಿ. ಕಟ್ಟಿಗೆ ಹಿತ್ತಲಿನದು. ಆಕಾರ ಮಾಡಿ ನುಣುಪು ಮಾಡಲು 35 ನಿಮಿಷ, ಬಣ್ಣಕ್ಕೆ ಮತ್ತು ಕೊಕ್ಕೆಗೆ 35 ನಿಮಿಷ. ಮಡಿಕೆಗೆ ಇಟ್ಟ ಮೂವತ್ತು ಜೊತೆಯಲ್ಲಿ ಆರು ಹೋಗುತ್ತವೆ. ಆ ಆರರ ಮೇಲೆ ಹೋದ ಹೊತ್ತನ್ನು ಉಳಿದ ಇಪ್ಪತ್ನಾಲ್ಕರ ಮೇಲೆ ಹಂಚಿದರೆ ಒಂದೊಂದಕ್ಕೆ ಇನ್ನೂ 9 ನಿಮಿಷ. ಒಟ್ಟು 79 ನಿಮಿಷ. 180ಕ್ಕೆ ಮಾರಿದರೆ ಕೈಗೆ 154 ಉಳಿಯಿತು, ಅಂದರೆ ಗಂಟೆಗೆ ಸುಮಾರು 117 ರೂಪಾಯಿ.

ಅದೇ 180ರ ಮಣಿಸರಕ್ಕೆ ಸಾಮಾನೇ 90, ಹೊತ್ತು ಅರ್ಧ ಗಂಟೆ. ಗಂಟೆಗೆ 180 ಬಿತ್ತು. ಬಟ್ಟೆಯ ಓಲೆ 120ಕ್ಕೆ ಮಾರಿದ್ದು, ಸಾಮಾನು 25, ಹೊತ್ತು 35 ನಿಮಿಷ. ಗಂಟೆಗೆ 163ರ ಹತ್ತಿರ.

ಹಾಗಾದರೆ ಮಣಿಯೇ ಗೆದ್ದಿತಾ? ಮಾರಾಟವಾದ ಸರಕ್ಕೆ ಮಾತ್ರ ಈ ಲೆಕ್ಕ. ಮಾರಾಟವಾಗದ ಒಂದು ಸರ 90 ರೂಪಾಯಿ ಕಟ್ಟಿಹಾಕಿ ಕೂರುತ್ತದೆ, ಮಾರಾಟವಾಗದ ಜುಮಕಿ 26 ಮಾತ್ರ. ಬಿಚ್ಚಿ ಮಣಿ ಮತ್ತೆ ಬಳಸಬಹುದು ನಿಜ, ಹೋದ ಅರ್ಧ ಗಂಟೆ ವಾಪಸ್ ಬರುವುದಿಲ್ಲ. ಬಿಡುವು ಜಾಸ್ತಿ, ದುಡ್ಡು ಕಡಿಮೆ ಇದ್ದವರಿಗೆ ಮಣ್ಣು ಮತ್ತು ಬಟ್ಟೆ. ದುಡ್ಡು ಸ್ವಲ್ಪ ಇದೆ, ಹೊತ್ತಿಲ್ಲ ಎನ್ನುವವರಿಗೆ ಮಣಿ.

ಎಲ್ಲಿ ಮಾರುತ್ತೀರಿ

ಗೆಳತಿಯರು, ನೆಂಟರು, ಆಫೀಸಿನವರು ಮೊದಲ ಗಿರಾಕಿಗಳು. ಬಾಡಿಗೆ ಇಲ್ಲ, ಕೊರಿಯರ್ ಇಲ್ಲ. ಆದರೆ ಉದ್ರಿ ಇದೆ. "ಆಮೇಲೆ ಕೊಡ್ತೆ" ಎಂದವರಿಗೆ ನೆನಪಿಸುವುದು ನಿಮಗೆ ಕಷ್ಟವೆಂದಾದರೆ ಮೊದಲೇ ಎಲ್ಲರಿಗೂ ಒಂದೇ ನಿಯಮ ಹೇಳಿಬಿಡಿ. ಈ ಬಳಗ ಚಿಕ್ಕದು, ನನ್ನದು ನಲವತ್ತು ಜೊತೆಗೆ ನಿಂತಿತ್ತು. ಅದರ ನಿಜವಾದ ಬೆಲೆ ಬೇರೆಯೇ. ಹಾಳಾದರೆ ಹೇಳುವವರು ಅವರು ಮಾತ್ರ, ಹೊರಗಿನವರು ಸುಮ್ನೆ ಮತ್ತೆ ಬರುವುದಿಲ್ಲ ಅಷ್ಟೇ. ಹೊಸ ಮಣ್ಣು, ಹೊಸ ಮಣಿ, ಹೊಸ ಗೋಂದು ಏನೇ ಬಂದರೂ ಹತ್ತು ಜೊತೆ ಬಳಗಕ್ಕೆ ಕೊಟ್ಟು ಒಂದು ತಿಂಗಳು ಕಾಯಿರಿ. ಚಿಪ್ಪಿನ ಮಣ್ಣನ್ನು ನಾನು ಹೀಗೆ ಪರೀಕ್ಷಿಸಿದ್ದರೆ ನಲವತ್ತು ಜನರಿಗೆ ದುಡ್ಡು ವಾಪಸ್ ಕೊಡಬೇಕಾಗುತ್ತಿರಲಿಲ್ಲ.

ಪ್ರದರ್ಶನಕ್ಕೂ ಜಾತ್ರೆಗೂ ಬಹಳ ವ್ಯತ್ಯಾಸ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಗೆ ಜನಸಾಗರವೇ ಬರುತ್ತದೆ, ಆದರೆ ಆ ಜನ ಬಳೆಪೇಟೆಯಲ್ಲಿ ಐವತ್ತು ರೂಪಾಯಿಯ ಸರ ಹುಡುಕುತ್ತಾರೆ. ಕೈಕೆಲಸಕ್ಕೆ ಸಭಾಭವನದಲ್ಲಿ ನಡೆಯುವ ಸಣ್ಣ ಪ್ರದರ್ಶನ, ಸೀರೆ ಮಾರಾಟದ ಪಕ್ಕದ ಒಂದು ಮೇಜು ಸಾಕು. ಅಲ್ಲಿಯೂ ಖರ್ಚು ಲೆಕ್ಕ ಹಾಕಿ. ಎರಡು ದಿನಕ್ಕೆ 1,500 ಬಾಡಿಗೆ ಕೊಟ್ಟು, ದಿನಕ್ಕೆ ಎಂಟು ಗಂಟೆ ಕೂತು ನಾನು ನಲವತ್ತು ಜೊತೆ ಮಾರಿದೆ. ಒಂದು ಜೊತೆಯ ಮೇಲೆ ಬಾಡಿಗೆಯೇ 37 ರೂಪಾಯಿ ಐವತ್ತು ಪೈಸೆ, ಕೂತ ಹೊತ್ತು 24 ನಿಮಿಷ. ಗಂಟೆಗೆ 117 ಇದ್ದದ್ದು 68ಕ್ಕೆ ಇಳಿಯಿತು. ಆದರೂ ನಾನು ಹೋಗುತ್ತೇನೆ. ಮಣ್ಣಿನದನ್ನು ಜನ ಕೈಗೆತ್ತಿಕೊಂಡು, ತಟ್ಟಿ, ಕಿವಿಗೆ ಹಿಡಿದು ನೋಡಿದ ಮೇಲೆ ಕೊಳ್ಳುತ್ತಾರೆ, ಅಲ್ಲಿ 180ಕ್ಕೆ ಬದಲು 220 ಕೊಡಲೂ ಒಪ್ಪುತ್ತಾರೆ. ಮಣಿ ತೆಗೆದುಕೊಂಡು ಹೋದರೆ ಇಕ್ಕಳವನ್ನೂ ತೆಗೆದುಕೊಂಡು ಹೋಗಿ. ಅಲ್ಲೇ ಕೂತು "ನಿಮ್ಮ ಕುತ್ತಿಗೆಗೆ ಎರಡು ಇಂಚು ಗಿಡ್ಡ ಮಾಡಿಕೊಡ್ತೇನೆ" ಎಂದರೆ ಕಾರ್ಖಾನೆಯ ಸರ ಅಲ್ಲಿ ಸೋಲುತ್ತದೆ. ಬಟ್ಟೆಯವರಿಗೆ ಪ್ರದರ್ಶನ ಎಂದರೆ ಆರ್ಡರ್ ಹಿಡಿಯುವ ಜಾಗ: ಸೀರೆಯ ರವಿಕೆ ಚೂರು ಕೊಡಿ, ಅದಕ್ಕೇ ಹೊಂದುವ ಓಲೆ ಮಾಡಿ ಕಳಿಸುತ್ತೇನೆ ಎಂದು ಹೇಳಿ.

ವಾಟ್ಸ್ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂನಲ್ಲಿ ಮಾರುವುದಕ್ಕೆ ಬಟ್ಟೆ ಎಲ್ಲಕ್ಕಿಂತ ಸುಲಭ, ಮಣ್ಣು ಎಲ್ಲಕ್ಕಿಂತ ಕಷ್ಟ. ಮಣ್ಣಿನ ಓಲೆಯ ಗಾತ್ರ ಫೋಟೋದಲ್ಲಿ ತಿಳಿಯುವುದಿಲ್ಲ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಇನ್ನೊಂದು ಫೋಟೋ ಕಿವಿಯಲ್ಲಿ ಹಾಕಿದ್ದು, ತೂಕವನ್ನೂ ಬರೆಯಿರಿ. ಕಳಿಸುವ ಮೊದಲು ಪ್ಯಾಕ್ ಮಾಡಿದ ಡಬ್ಬಿಯನ್ನು ಸೊಂಟದ ಎತ್ತರದಿಂದ ಮೂರು ಸಲ ನೆಲಕ್ಕೆ ಬಿಡಿ. ಒಳಗೆ ಏನಾದರೂ ಅಲುಗಾಡಿದ ಸದ್ದು ಬಂದರೆ ಮತ್ತೆ ಪ್ಯಾಕ್ ಮಾಡಿ. ಎರಡು ಓಲೆ ಒಂದಕ್ಕೊಂದು ತಾಗಿದರೇ ಒಡೆಯುವುದು, ಬೇರೆಬೇರೆ ಸುತ್ತಿಡಿ. ಫೋಟೋಗೆ ಬೆಳಿಗ್ಗೆ ಬಾಗಿಲ ಹತ್ತಿರದ ಬೆಳಕೇ ಸಾಕು, ಟ್ಯೂಬ್‌ಲೈಟಿನಲ್ಲಿ ತೆಗೆದರೆ ಖಣದ ಕೆಂಪು ಬೇರೆಯೇ ಕಾಣುತ್ತದೆ, ಆಮೇಲೆ "ನಾನು ಕೇಳಿದ ಬಣ್ಣ ಇದಲ್ಲ" ಎಂಬ ತಕರಾರು. ದುಡ್ಡು ಬಂದಿದೆಯಾ ಎಂದು ನಿಮ್ಮ ಖಾತೆಯಲ್ಲೇ ನೋಡಿ. ಸ್ಕ್ರೀನ್‌ಶಾಟ್ ನಂಬಿ ನಾನು ಮೂರು ಜೊತೆ ಕಳಿಸಿದ್ದೆ, ದುಡ್ಡು ಬರಲೇ ಇಲ್ಲ.

ಈಗ ಆ ಮೂವರಿಗೆ. ಸಿದ್ದಾಪುರದ ಅಕ್ಕನಿಗೆ ನನ್ನ ಉತ್ತರದಲ್ಲಿ ಅನುಮಾನವೇ ಇಲ್ಲ: ಬಟ್ಟೆ. ಹೊಲಿಗೆ ಕೈಯಲ್ಲಿದೆ, ಚೂರು ಮನೆಯಲ್ಲಿದೆ, ರವಿಕೆ ಹೊಲಿಸಲು ಬಂದವರೇ ಗಿರಾಕಿ. ರವಿಕೆಯ ಜೊತೆಗೇ "ಇದೇ ಬಟ್ಟೆಯ ಓಲೆ ಬೇಕಾ" ಎಂದು ಕೇಳಲು ಶುರು ಮಾಡಿ. ಕಾರವಾರದ ತಂಗಿಗೆ ಮಣಿ. ರೂಮಿನಲ್ಲಿ ಬೆಂಕಿ ಹಾಕುವ ಹಾಗಿಲ್ಲ, ಪರೀಕ್ಷೆ ಬಂದಾಗ ಡಬ್ಬಿ ಮುಚ್ಚಿ ಒಂದು ತಿಂಗಳು ಇಟ್ಟರೂ ಏನೂ ಕೆಡುವುದಿಲ್ಲ. ಕಾಲೇಜಿನ ಗೆಳತಿಯರೇ ಮೊದಲ ಬಳಗ. ಎರಡು ಸಾವಿರದಲ್ಲಿ 1,200ಕ್ಕೆ ಮಾತ್ರ ಸಾಮಾನು ತಾ, ಉಳಿದದ್ದು ಮೊದಲ ಹತ್ತು ಸರ ಮಾರಾಟವಾದ ಮೇಲೆ. ಕೊಕ್ಕೆ ಮಾತ್ರ ಸ್ಟೀಲಿನದೇ ಇರಲಿ, ನೀನಿರುವುದು ಕಡಲ ಪಕ್ಕ.

ಕುಮಟಾದ ಅಕ್ಕನಿಗೆ ಉತ್ತರ ಕೊಡಲು ನಾನು ತುಂಬಾ ಯೋಚಿಸಿದೆ. ಹಿತ್ತಲು, ಒಲೆ, ಬಿಡುವು ಎಲ್ಲ ಇದೆ, ಮಣ್ಣೇ ಸರಿ. ಆದರೆ ಈಗ ಮೇ ತಿಂಗಳ ಕೊನೆ. ಇವತ್ತು ಶುರು ಮಾಡಿದರೆ ಮೊದಲ ಮಡಿಕೆ ಮಳೆಯಲ್ಲಿ ಸುಡಬೇಕಾಗುತ್ತದೆ, ಅರ್ಧ ಒಡೆದು ಮನಸ್ಸು ಮುರಿಯುತ್ತದೆ. ಹಾಗಾಗಿ ಹೀಗೆ ಮಾಡಿ: ಈ ನಾಲ್ಕು ತಿಂಗಳು ಯಾರಿಂದಲಾದರೂ ಸುಟ್ಟ, ಬಣ್ಣ ಹಚ್ಚದ ಪದಕಗಳನ್ನು ಕೊಂಡು, ಬಣ್ಣ ಹಚ್ಚಿ, ಮಣಿ ಸೇರಿಸಿ ಸರ ಮಾಡಿ ಮಾರಿ. ಕೈ ಕೂರುತ್ತದೆ, ಬಳಗ ಬೆಳೆಯುತ್ತದೆ. ಮಣ್ಣನ್ನು ಮಾತ್ರ ಈಗಲೇ, ಮಳೆ ಬೀಳುವ ಮೊದಲೇ ತಂದು ಒಣಗಿಸಿಡಿ. ಗದ್ದೆಯ ಮಣ್ಣಾದರೆ ಚೀಲ ತುಂಬುವ ಮೊದಲು ಒಂದು ಹಿಡಿ ಪುಡಿಗೆ ನಿಂಬೆರಸ ಹಿಂಡಿ ನೋಡಿ.